ಮಲ್ಟಿಗ್ರೇನ್ ಹಿಟ್ಟಿನಲ್ಲಿ ರಾಗಿ ಎಷ್ಟು?

ಗೋಧಿ ಹಿಟ್ಟು ತರಲು ಹೋದವರಿಗೆ ಈಗ ಎದುರಾಗುವ ತೊಡಕು ಬೆಲೆಯದಲ್ಲ, ಹೆಸರಿನದು. ಒಂದು ಪ್ಯಾಕೆಟ್ಟಿನ ಮೇಲೆ ‘ಹೋಲ್ ವೀಟ್’ ಎಂದಿದ್ದರೆ ಪಕ್ಕದ್ದರ ಮೇಲೆ ‘ಮಲ್ಟಿಗ್ರೇನ್’ ಎಂದಿರುತ್ತದೆ, ಮೂರನೆಯದರ ಮೇಲೆ ‘ಚಕ್ಕಿ ಫ್ರೆಶ್’, ನಾಲ್ಕನೆಯದರ ಮೇಲೆ ‘ಝೀರೋ ಮೈದಾ’. ಅಲ್ಲೇ ಕೆಳಗಿನ ಸಾಲಿನಲ್ಲಿ ರಾಗಿ ಬಿಸ್ಕತ್ತು, ಸಿರಿಧಾನ್ಯದ ಶಾವಿಗೆ, ಬ್ರೌನ್ ಬ್ರೆಡ್ಡು. ಇವುಗಳಲ್ಲಿ ಯಾವುದು ಸುಳ್ಳು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ಯಾಕೆಂದರೆ ಬಹುಪಾಲು ಮಾತುಗಳು ಅಕ್ಷರಶಃ ನಿಜವೇ. ಮಲ್ಟಿಗ್ರೇನ್ ಎಂದರೆ ಒಂದಕ್ಕಿಂತ ಹೆಚ್ಚು ಧಾನ್ಯ. ಒಂದು ಹಿಡಿ ಬೆರೆಸಿದರೂ ಅದು ಮಲ್ಟಿಗ್ರೇನೇ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೇರೆ. ಯಾವ ಧಾನ್ಯ ಇದೆ ಎಂಬುದನ್ನು ಬಿಟ್ಟು, ಎಷ್ಟು ಇದೆ, ಇಡಿಯಾಗಿ ಇದೆಯೋ ಸಿಪ್ಪೆ ತೆಗೆಸಿಕೊಂಡು ಇದೆಯೋ ಎಂದು ಕೇಳಬೇಕು. ಈ ಎರಡಕ್ಕೂ ಉತ್ತರ ಪ್ಯಾಕೆಟ್ಟಿನ ಹಿಂಬದಿಯಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ನಮ್ಮಲ್ಲಿ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ದರೆ ಸಾಕು, ಕನ್ನಡ ಸೇರಿಸುವುದು ಕಂಪನಿಯ ಇಷ್ಟ. ಹಾಗಾಗಿ ಅಲ್ಲಿ ಅಚ್ಚಾಗುವ ಏಳೆಂಟು ಇಂಗ್ಲಿಷ್ ಪದಗಳ ಗುರುತು ಹಿಡಿಯಲು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಇಡಿ ಕಾಳು ಎಂದರೆ ಏನು

ಗೋಧಿ ಕಾಳಿನಲ್ಲಿ ಮೂರು ಭಾಗಗಳಿವೆ. ಹೊರಗಿನ ತೌಡಿನ ಪದರ ತೂಕದಲ್ಲಿ ಸುಮಾರು ಶೇ. 14, ಒಳಗಿನ ಬಿಳಿಯ ಪಿಷ್ಟದ ಭಾಗ ಶೇ. 83ರಷ್ಟು, ಮೊಳಕೆಯೊಡೆಯುವ ಮೂತಿ ಶೇ. 2ರಿಂದ 3. ನಾರಿನಂಶ ಹೆಚ್ಚಾಗಿ ಇರುವುದು ತೌಡಿನಲ್ಲಿ. ಕಬ್ಬಿಣದಂಥ ಖನಿಜಗಳು, ಬಿ ಗುಂಪಿನ ಜೀವಸತ್ವಗಳ ದೊಡ್ಡ ಪಾಲು ತೌಡು ಮತ್ತು ಮೊಳಕೆಯಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉಕ್ಕಿನ ರೋಲರ್ ಗಿರಣಿಗಳು ಬಂದ ಮೇಲೆ ಈ ಮೂರನ್ನೂ ಅಚ್ಚುಕಟ್ಟಾಗಿ ಬೇರೆ ಮಾಡುವುದು ಸುಲಭವಾಯಿತು. ಬಿಳಿಯ ಭಾಗ ನುಣ್ಣಗಾದರೆ ಮೈದಾ, ತರಿಯಾಗಿ ಉಳಿದರೆ ರವೆ. ಮಿಕ್ಕಿದ್ದು ಗೋಧಿ ಬೂಸಾ ಆಗಿ ಹಸುವಿನ ಬಾನಿಗೆ ಹೋಗುತ್ತದೆ. ಗಿರಣಿಯವರು ಹೀಗೆ ಮಾಡಿದ್ದು ಬರೀ ಬಿಳುಪಿನ ಆಸೆಗಲ್ಲ. ಮೊಳಕೆಯಲ್ಲಿ ಎಣ್ಣೆಯಂಶ ಇದೆ. ಬೀಸಿದ ಮೇಲೆ ಅದು ಗಾಳಿಗೆ ತೆರೆದುಕೊಂಡು ಕೆಲವು ವಾರಗಳಲ್ಲಿ ಹಿಟ್ಟಿಗೆ ಕಮಟು ಕಹಿ ಬರುತ್ತದೆ. ಅದನ್ನು ತೆಗೆದ ಮೈದಾ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೆಡದೆ ಕೂರುತ್ತದೆ.

ಇದರಿಂದ ಆಗುವ ವ್ಯತ್ಯಾಸವನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಘಟಕಗಳ ಕೋಷ್ಟಕದಲ್ಲಿ ನೋಡಬಹುದು. ನೂರು ಗ್ರಾಂ ಗೋಧಿ ಆಟಾದಲ್ಲಿ ನಾರು 11 ಗ್ರಾಂಗೂ ಸ್ವಲ್ಪ ಹೆಚ್ಚು, ಮೈದಾದಲ್ಲಿ 3 ಗ್ರಾಂಗೂ ಕಡಿಮೆ. ಕಬ್ಬಿಣ ಆಟಾದಲ್ಲಿ ಸುಮಾರು 4 ಮಿಲಿಗ್ರಾಂ, ಮೈದಾದಲ್ಲಿ ಅದರ ಅರ್ಧವೂ ಇಲ್ಲ. ಪ್ರೋಟೀನ್ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ‘ಪ್ರೋಟೀನ್ ಇದೆ’ ಎಂಬ ಮಾತು ಇಡಿಗೋಧಿಗೆ ಸಾಕ್ಷಿಯಾಗುವುದಿಲ್ಲ, ನಾರಿನ ಲೆಕ್ಕ ಆಗುತ್ತದೆ. ಈ ಒಂದು ಅಂಶವನ್ನು ಇಟ್ಟುಕೊಂಡು ಹಿಂಬದಿ ಓದೋಣ.

1. ಪದಾರ್ಥಗಳ ಪಟ್ಟಿಯ ಮೊದಲ ಮೂರು ಹೆಸರು ಓದಿ

‘ಇಂಗ್ರೀಡಿಯೆಂಟ್ಸ್’ ಎಂಬ ತಲೆಬರಹದ ಕೆಳಗಿನ ಪಟ್ಟಿ ಮನಬಂದಂತೆ ಬರೆದದ್ದಲ್ಲ. ತಯಾರಿಸುವಾಗ ಯಾವುದು ಹೆಚ್ಚು ತೂಕ ಹಾಕಿದ್ದಾರೋ ಅದು ಮೊದಲು, ಆಮೇಲೆ ಇಳಿಯುವ ಕ್ರಮದಲ್ಲಿ ಉಳಿದವು, ಇದು ನಿಯಮ. ಮೊದಲ ಹೆಸರು ‘ಹೋಲ್ ವೀಟ್ ಫ್ಲೋರ್ (ಆಟಾ)’ ಎಂದಿದ್ದರೆ ಇಡಿಗೋಧಿ ಹಿಟ್ಟು. ‘ರಿಫೈನ್ಡ್ ವೀಟ್ ಫ್ಲೋರ್’ ಎಂದರೆ ಮೈದಾ, ಆವರಣದಲ್ಲಿ ಹಾಗೆಂದು ಬರೆದಿರುವುದೂ ಉಂಟು. ‘ಸೆಮೊಲಿನಾ’ ಅಥವಾ ‘ಸೂಜಿ’ ಎಂದರೆ ರವೆ. ಬರೀ ‘ವೀಟ್ ಫ್ಲೋರ್’ ಎಂದಿದ್ದು ‘ಹೋಲ್’ ಎಂಬ ಪದ ಇಲ್ಲದಿದ್ದರೆ ಅದನ್ನು ಇಡಿಗೋಧಿ ಎಂದು ಭಾವಿಸಬೇಡಿ. ಬಿಸ್ಕತ್ತು, ನೂಡಲ್ಸುಗಳಲ್ಲಿ ಅದು ಬಹುಮಟ್ಟಿಗೆ ಮೈದಾವೇ. ‘ಎಡಿಬಲ್ ಸ್ಟಾರ್ಚ್’, ‘ಮಾಲ್ಟೋಡೆಕ್ಸ್‌ಟ್ರಿನ್’ ಎಂದರೆ ಧಾನ್ಯದ ಪಿಷ್ಟ ಮಾತ್ರ, ಧಾನ್ಯವಲ್ಲ.

‘ಆಟಾ’ ಎಂಬ ಪದವನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. 2011ರ ಆಹಾರ ಗುಣಮಟ್ಟ ನಿಯಮಗಳು ‘ಆಟಾ ಅಥವಾ ರಿಸಲ್ಟಂಟ್ ಆಟಾ’ ಎಂದು ಎರಡನ್ನೂ ಒಂದೇ ವ್ಯಾಖ್ಯೆಯಡಿ ತಂದವು. ರಿಸಲ್ಟಂಟ್ ಆಟಾ ಎಂದರೆ ಗಿರಣಿಯಲ್ಲಿ ಮೈದಾ, ರವೆಯನ್ನು ತೆಗೆದುಕೊಂಡ ಮೇಲೆ ಉಳಿದದ್ದರಿಂದ ಬರುವ ಹಿಟ್ಟು. ಅದರಲ್ಲಿ ತೌಡು ಇರಬಹುದು, ಆದರೆ ಕಾಳಿನ ಭಾಗಗಳು ಕಾಳಿನಲ್ಲಿದ್ದ ಪ್ರಮಾಣದಲ್ಲೇ ಇವೆ ಎಂದು ಹೇಳಲಾಗುವುದಿಲ್ಲ. ಆದ್ದರಿಂದಲೇ ‘ಆಟಾ’ದ ಹಿಂದೆ ‘ಹೋಲ್’ ಎಂಬ ಪದ ಇದೆಯೇ ಎಂದು ನೋಡುವುದು.

ಕ್ರಮದ ನಿಯಮಕ್ಕೂ ಒಂದು ಸಂದಿ ಇದೆ. ಒಂದೇ ಬಗೆಯ ಪದಾರ್ಥವನ್ನು ಎರಡು ಮೂರು ಹೆಸರಾಗಿ ಒಡೆದರೆ ಪ್ರತಿಯೊಂದೂ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ. ಇಡಿಗೋಧಿ ಶೇ. 30, ಮೈದಾ ಶೇ. 25, ರವೆ ಶೇ. 20 ಇರುವ ಒಂದು ತಿನಿಸನ್ನು ಊಹಿಸಿಕೊಳ್ಳಿ. ಪಟ್ಟಿಯ ತಲೆಯಲ್ಲಿ ಇಡಿಗೋಧಿಯೇ ನಿಲ್ಲುತ್ತದೆ, ನಿಯಮ ಮುರಿದಂತೆಯೂ ಆಗಲಿಲ್ಲ. ಆದರೆ ತೌಡು ಕಳೆದುಕೊಂಡ ಭಾಗ ಶೇ. 45. ಸಕ್ಕರೆಗೂ ಇದೇ ಆಟ: ಸಕ್ಕರೆ, ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್ ಎಂದು ಮೂರು ಕಡೆ ಹರಡಿರುತ್ತದೆ. ಹಾಗಾಗಿ ಮೊದಲ ಹೆಸರಿಗೇ ನಿಲ್ಲದೆ ಮೊದಲ ಮೂರ್ನಾಲ್ಕನ್ನು ಓದಿ, ಒಂದೇ ಜಾತಿಯವನ್ನು ಮನಸ್ಸಿನಲ್ಲೇ ಕೂಡಿಸಿ.

2. ಶೇಕಡಾ ಅಂಕಿ ಹುಡುಕಿ, ಇಲ್ಲದಿದ್ದರೆ ಲೆಕ್ಕ ಹಾಕಿ

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮಗಳಲ್ಲಿ ಗ್ರಾಹಕರಿಗೆ ತುಂಬ ಉಪಯೋಗವಾಗುವ ಒಂದು ಮಾತಿದೆ. ಹಲವು ಪದಾರ್ಥ ಬೆರೆಸಿದ ತಿನಿಸಿನ ಮುಂಬದಿಯಲ್ಲಿ ಪದದಿಂದಲೋ ಚಿತ್ರದಿಂದಲೋ ಯಾವುದಾದರೂ ಪದಾರ್ಥವನ್ನು ಒತ್ತಿ ತೋರಿಸಿದರೆ, ಅದು ಶೇಕಡಾ ಎಷ್ಟಿದೆ ಎಂದು ಲೇಬಲ್ಲಿನಲ್ಲಿ ಹೇಳಬೇಕು. ರಾಗಿ ತೆನೆಯ ಚಿತ್ರ ಹಾಕಿದ ಬಿಸ್ಕತ್ತಿನ ಹಿಂಬದಿಯಲ್ಲಿ ‘ರಾಗಿ ಫ್ಲೋರ್’ ಪಕ್ಕ ಒಂದು ಅಂಕಿ ಕಾಣುವುದು ಇದಕ್ಕೇ. ಅದನ್ನು ಮೊದಲು ನೋಡಿ. ಅಂಕಿ ಸಿಗುವುದು ಹಲವು ಸಲ ಒಟ್ಟು ಮಿಶ್ರಣಕ್ಕೆ ಮಾತ್ರ, ಒಳಗಿನ ಒಂದೊಂದು ಕಾಳಿಗೆ ಅಲ್ಲ. ಅಂಥ ಕಡೆ ಏನು ಮಾಡಬಹುದು ಎಂಬುದಕ್ಕೆ ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ.

ಒಂದು ಮಲ್ಟಿಗ್ರೇನ್ ಆಟಾದ ಹಿಂದೆ ಹೀಗಿದೆ ಎಂದುಕೊಳ್ಳಿ: ಇಡಿಗೋಧಿ ಹಿಟ್ಟು ಶೇ. 90, ಮಲ್ಟಿಗ್ರೇನ್ ಮಿಶ್ರಣ ಶೇ. 10, ಆವರಣದಲ್ಲಿ ಸೋಯಾ, ಕಡಲೆ, ಓಟ್ಸ್, ಮೆಕ್ಕೆಜೋಳ, ರಾಗಿ. ಮುಂಬದಿಯ ಚಿತ್ರದಲ್ಲಿ ಐದೂ ಕಾಳುಗಳು ಸಮಸಮವಾಗಿ ಸುರಿಯುತ್ತಿವೆ. ಈಗ ಆವರಣದೊಳಗಿನ ಪಟ್ಟಿಯೂ ಇಳಿಯುವ ಕ್ರಮದಲ್ಲೇ ಇರುವುದರಿಂದ, ಐದನೆಯದಾದ ರಾಗಿ ಉಳಿದ ನಾಲ್ಕಕ್ಕಿಂತ ಹೆಚ್ಚಿರಲು ಸಾಧ್ಯವಿಲ್ಲ. ಐದೂ ಸಮವಿದ್ದರೂ ರಾಗಿಯ ಪಾಲು ಹತ್ತರಲ್ಲಿ ಐದನೇ ಒಂದು, ಅಂದರೆ ಶೇ. 2. ಅದಕ್ಕಿಂತ ಹೆಚ್ಚಿರುವ ದಾರಿಯೇ ಇಲ್ಲ, ಕಡಿಮೆ ಇರುವ ದಾರಿಗಳು ಬೇಕಾದಷ್ಟಿವೆ. ಈ ಲೆಕ್ಕ ಎಲ್ಲ ಪಟ್ಟಿಗೂ ನಡೆಯುತ್ತದೆ: ಒಂದು ಪದಾರ್ಥ ಎಷ್ಟನೆಯ ಸ್ಥಾನದಲ್ಲಿದೆಯೋ ಆ ಸಂಖ್ಯೆಯಿಂದ ಒಟ್ಟನ್ನು ಭಾಗಿಸಿ, ಬಂದದ್ದು ಅದರ ಅತಿ ಹೆಚ್ಚಿನ ಪ್ರಮಾಣ.

ಇದನ್ನು ತಟ್ಟೆಗೆ ತಂದು ನೋಡಿ. ಒಂದು ಚಪಾತಿಗೆ 30 ಗ್ರಾಂ ಹಿಟ್ಟಾದರೆ ನಾಲ್ಕು ಚಪಾತಿಗೆ 120 ಗ್ರಾಂ. ಅದರಲ್ಲಿ ರಾಗಿ ಹೆಚ್ಚೆಂದರೆ 2.4 ಗ್ರಾಂ, ಒಂದು ಟೀ ಚಮಚದಷ್ಟೂ ಇಲ್ಲ. ರಾಗಿಯ ಹೆಸರು ಕೇಳಿದರೆ ನಮಗೆ ನೆನಪಾಗುವುದು ಕ್ಯಾಲ್ಸಿಯಂ. ಮೇಲೆ ಹೇಳಿದ ಕೋಷ್ಟಕದ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಹಾಗಾದರೆ 2.4 ಗ್ರಾಂನಿಂದ ಬರುವುದು 9 ಮಿಲಿಗ್ರಾಂ. ವಯಸ್ಕರಿಗೆ ದಿನಕ್ಕೆ ಬೇಕೆಂದು ಹೇಳಿರುವುದು 1,000 ಮಿಲಿಗ್ರಾಂ. ಅದೇ ನೂರು ಗ್ರಾಂ ಹಿಟ್ಟಿನ ಒಂದು ರಾಗಿ ಮುದ್ದೆ ಉಂಡರೆ ಅದರಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಸಿಗುತ್ತದೆ. ಪ್ರೋಟೀನಿನ ಲೆಕ್ಕ ಸ್ವಲ್ಪ ಮೇಲು: ಸೋಯಾ, ಕಡಲೆ ಸೇರಿದ ಮಿಶ್ರಣದಲ್ಲಿ ಸರಾಸರಿ ಶೇ. 20 ಪ್ರೋಟೀನ್ ಇದೆ ಎಂದಿಟ್ಟುಕೊಂಡರೂ ನಾಲ್ಕು ಚಪಾತಿಗೆ ಹೆಚ್ಚಾಗುವುದು ಸುಮಾರು ಒಂದು ಗ್ರಾಂ. ಇನ್ನೊಂದು ಸೌಟು ಬೇಳೆ ಬಡಿಸಿಕೊಂಡರೆ ಅದಕ್ಕಿಂತ ಹೆಚ್ಚು ಬರುತ್ತದೆ.

ಇನ್ನು ದುಡ್ಡಿನ ಲೆಕ್ಕ. ಸಾದಾ ಆಟಾ ಕಿಲೋಗೆ 50 ರೂಪಾಯಿ, ಮಲ್ಟಿಗ್ರೇನ್ 70 ರೂಪಾಯಿ ಎಂದು ಹಿಡಿಯೋಣ. ನಿಮ್ಮೂರಿನ ಬೆಲೆ ಹಾಕಿ ನೀವೇ ಮಾಡಿ ನೋಡಬಹುದು. ಒಂದು ಕಿಲೋ ಮಲ್ಟಿಗ್ರೇನಿನಲ್ಲಿ ಗೋಧಿ 900 ಗ್ರಾಂ, ಅದರ ಬೆಲೆ 45 ರೂಪಾಯಿ. ಉಳಿದ 100 ಗ್ರಾಂ ಮಿಶ್ರಣಕ್ಕೆ ನೀವು ಕೊಟ್ಟದ್ದು 25 ರೂಪಾಯಿ, ಅಂದರೆ ಕಿಲೋಗೆ 250. ಕಡಲೆಹಿಟ್ಟಿಗೋ ರಾಗಿಗೋ ಆ ಬೆಲೆ ಯಾರೂ ಕೊಡುವುದಿಲ್ಲ.

ಇಲ್ಲಿ ಕಂಪನಿಯ ಪರವಾಗಿಯೂ ಒಂದು ಮಾತು ಹೇಳಬೇಕು. ಶೇ. 10ಕ್ಕೆ ನಿಲ್ಲಿಸುವುದು ಬರೀ ಲಾಭದ ಲೆಕ್ಕವಲ್ಲ. ಚಪಾತಿ ಹರಿಯದೆ ಲಟ್ಟಣಿಗೆಗೆ ಹಿಗ್ಗುವುದು, ಉಬ್ಬುವುದು ಗೋಧಿಯ ಗ್ಲುಟೆನ್ ಎಂಬ ಅಂಟಿನಿಂದ. ರಾಗಿ, ಜೋಳ, ಕಡಲೆ, ಸೋಯಾ ಯಾವುದರಲ್ಲೂ ಆ ಅಂಟಿಲ್ಲ. ಅವು ಹೆಚ್ಚಿದಷ್ಟೂ ಚಪಾತಿಯ ಅಂಚು ಸೀಳುತ್ತದೆ, ಆರಿದ ಮೇಲೆ ಗಟ್ಟಿಯಾಗುತ್ತದೆ. ಮೃದುವಾದ ಚಪಾತಿಯೂ ಬೇಕು, ಹಲವು ಧಾನ್ಯವೂ ಬೇಕು ಎಂದು ಗ್ರಾಹಕರು ಕೇಳಿದರೆ ತಯಾರಕರು ಕೊಡಬಲ್ಲದ್ದು ಇಷ್ಟೇ. ತಕರಾರು ಇರುವುದು ಆ ಹತ್ತನ್ನು ಐವತ್ತು ಎಂಬಂತೆ ತೋರಿಸುವ ಚಿತ್ರದ ಬಗ್ಗೆ.

3. ನಾರಿನ ಸಾಲನ್ನು ಪಿಷ್ಟದ ಸಾಲಿನ ಪಕ್ಕದಲ್ಲಿಟ್ಟು ನೋಡಿ

ಪೋಷಕಾಂಶದ ಕೋಷ್ಟಕದಲ್ಲಿ ಎರಡು ಸಾಲು ಸಾಕು: ‘ಕಾರ್ಬೋಹೈಡ್ರೇಟ್’ ಮತ್ತು ‘ಡಯಟರಿ ಫೈಬರ್’. ‘ಪರ್ ಸರ್ವ್’ ಎಂಬ ಕಂಬ ಬಿಟ್ಟು ‘ಪರ್ 100 ಗ್ರಾಂ’ ಕಂಬವನ್ನೇ ನೋಡಿ, ಆಗ ಎರಡು ಪ್ಯಾಕೆಟ್ಟುಗಳನ್ನು ಹೋಲಿಸಬಹುದು. ಪ್ರತಿ ಹತ್ತು ಗ್ರಾಂ ಕಾರ್ಬೋಹೈಡ್ರೇಟಿಗೆ ಕನಿಷ್ಠ ಒಂದು ಗ್ರಾಂ ನಾರು ಇರಬೇಕು ಎಂಬ ಅಳತೆಯನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಹಲವು ಧಾನ್ಯ ತಿನಿಸುಗಳ ಮೇಲೆ ಪರೀಕ್ಷಿಸಿ ನೋಡಿದರು. ಬೇರೆ ಅಳತೆಗಳಿಗಿಂತ ಇದೇ ಒಳ್ಳೆಯ ತಿನಿಸನ್ನು ಚೆನ್ನಾಗಿ ಬೇರ್ಪಡಿಸಿತು. ಬರೀ ಗೋಧಿ ಆಟಾದಲ್ಲಿ ಆರೇಳು ಗ್ರಾಂಗೆ ಒಂದು ಗ್ರಾಂ ನಾರು ಬರುತ್ತದೆ, ಮೈದಾದಲ್ಲಿ ಒಂದು ಗ್ರಾಂ ನಾರಿಗೆ ಇಪ್ಪತ್ತೈದಕ್ಕೂ ಮೇಲೆ. ನಡುವೆ ಹದಿನೈದಕ್ಕೆ ಒಂದು ಬಂದರೆ ಎರಡೂ ಬೆರೆತಿರಬಹುದು ಎಂದು ಊಹಿಸಬಹುದು.

ಎರಡು ಎಚ್ಚರಿಕೆ ಬೇಕು. ನಮ್ಮಲ್ಲಿ ನಾರಿನಂಶ ಬರೆಯುವುದು ಎಲ್ಲ ತಿನಿಸಿಗೂ ಕಡ್ಡಾಯವಲ್ಲ. ನಾರಿನ ಬಗ್ಗೆ ಮುಂಬದಿಯಲ್ಲಿ ಹೇಳಿಕೊಂಡರೆ ಬರೆಯಲೇಬೇಕು. ‘ಹೋಲ್ ಗ್ರೇನ್’ ಎಂದು ದೊಡ್ಡದಾಗಿ ಅಚ್ಚಿಸಿ ನಾರಿನ ಸಾಲನ್ನೇ ಬಿಟ್ಟ ಬಿಸ್ಕತ್ತಿನ ಮೇಲೆ ಅನುಮಾನ ಪಡಲು ಕಾರಣವಿದೆ. ಇನ್ನೊಂದು ಕಡೆ, ನಾರನ್ನು ಹೊರಗಿನಿಂದಲೂ ಹಾಕಬಹುದು. ಪಟ್ಟಿಯಲ್ಲಿ ‘ಸಿಲಿಯಂ ಹಸ್ಕ್’ ಎಂದಿದ್ದರೆ ಅದು ಇಸಬ್ಗೋಲ್, ‘ಇನ್ಯುಲಿನ್’, ‘ವೀಟ್ ಬ್ರಾನ್’ ಕೂಡ ಅದೇ ಉದ್ದೇಶದವು. ಇವು ಕೆಟ್ಟವಲ್ಲ, ಮಲಬದ್ಧತೆಗೆ ಇಸಬ್ಗೋಲ್ ಮನೆಮದ್ದಾಗಿಯೇ ಬಳಕೆಯಲ್ಲಿದೆ. ಆದರೆ ಮೈದಾಕ್ಕೆ ಹೊಟ್ಟು ಬೆರೆಸಿದರೆ ನಾರಿನ ಸಾಲು ಮೇಲೇರುತ್ತದೆ, ಮೊಳಕೆಯೊಂದಿಗೆ ಹೋದದ್ದು ಮರಳುವುದಿಲ್ಲ. ನಾರಿನ ಅಂಕಿಯನ್ನು ಪದಾರ್ಥದ ಪಟ್ಟಿಯ ಜೊತೆ ಓದಿದರೆ ಮಾತ್ರ ಅದಕ್ಕೆ ಅರ್ಥ.

‘ಹೈ ಫೈಬರ್’ ಎಂಬ ಮಾತಿನ ತೂಕವನ್ನೂ ಇಲ್ಲೇ ಅಳೆಯಬಹುದು. ನಮ್ಮ ನಿಯಮದಲ್ಲಿ ನೂರು ಗ್ರಾಂ ಘನ ಆಹಾರದಲ್ಲಿ 6 ಗ್ರಾಂ ನಾರಿದ್ದರೆ ‘ಹೈ’, 3 ಗ್ರಾಂ ಇದ್ದರೆ ‘ಸೋರ್ಸ್’ ಎನ್ನಬಹುದು. ಬರೀ ಗೋಧಿಯನ್ನು ಬೀಸಿದರೇ 11 ಗ್ರಾಂ ಬರುವಾಗ, ಆಟಾದ ಪ್ಯಾಕೆಟ್ಟಿನ ಮೇಲೆ ಆ ಮಾತಿಗಾಗಿ ಹೆಚ್ಚು ದುಡ್ಡು ಕೊಡುವುದು ಹಾಲಿನ ಮೇಲೆ ‘ಬಿಳಿ’ ಎಂದು ಬರೆದದ್ದಕ್ಕೆ ಕೊಟ್ಟಂತೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಬಣ್ಣ ನೋಡಿ ನಂಬುವುದು ಮೊದಲನೆಯದು. ಬ್ರೆಡ್ಡು ಕಂದಾಗಿದೆ ಎಂದರೆ ಇಡಿಗೋಧಿ ಎಂದಲ್ಲ. ಪಟ್ಟಿಯ ಮೊದಲಲ್ಲಿ ಮೈದಾ, ಕೊನೆಯಲ್ಲಿ ‘ಕಲರ್ (150ಎ)’ ಅಥವಾ ‘ಕ್ಯಾರಮೆಲ್’ ಎಂದಿದ್ದರೆ ಆ ಬಣ್ಣ ಸುಟ್ಟ ಸಕ್ಕರೆಯದು. ಬ್ರೆಡ್ಡು, ಬಿಸ್ಕತ್ತುಗಳಲ್ಲಿ ಉಪ್ಪನ್ನು ಗುರುತಿಗೆ ಇಟ್ಟುಕೊಳ್ಳಬಹುದು. ಉಪ್ಪು ಯಾವತ್ತೂ ನೂರಕ್ಕೆ ಒಂದೆರಡು ಭಾಗಕ್ಕಿಂತ ಹೆಚ್ಚಿರುವುದಿಲ್ಲ, ಹೆಚ್ಚಿದ್ದರೆ ತಿನ್ನಲಾಗುವುದಿಲ್ಲ. ಪಟ್ಟಿಯಲ್ಲಿ ಉಪ್ಪಿನ ನಂತರ ಬಂದ ಓಟ್ಸ್, ಅಗಸೆ, ನವಣೆ ಎಲ್ಲವೂ ಅದಕ್ಕಿಂತ ಕಡಿಮೆ ಎಂದೇ ಅರ್ಥ.

‘ಚಕ್ಕಿ ಫ್ರೆಶ್’ ಎಂಬುದನ್ನು ಇಡಿಗೋಧಿ ಎಂದು ಓದುವುದು ಇನ್ನೊಂದು. ಚಕ್ಕಿ ಎಂದರೆ ಬೀಸುಕಲ್ಲಿನ ಗಿರಣಿ. ಕಲ್ಲಿನಲ್ಲಿ ಬೀಸಿದಾಗ ಬಿಸಿ ಏರಿ ಪಿಷ್ಟದ ಕಣಗಳು ಒಡೆಯುತ್ತವೆ, ಹಿಟ್ಟು ಹೆಚ್ಚು ನೀರು ಕುಡಿಯುತ್ತದೆ, ಚಪಾತಿ ಮೆತ್ತಗಾಗುತ್ತದೆ, ಅಷ್ಟು ನಿಜ. ಆದರೆ ಆ ಪದ ಯಂತ್ರವನ್ನು ಹೇಳುತ್ತದೆ, ಬೀಸಿದ ಮೇಲೆ ಜರಡಿ ಹಿಡಿದರೋ ಇಲ್ಲವೋ ಎಂಬುದನ್ನಲ್ಲ. ‘+ಎಫ್’ ಗುರುತೂ ಹೀಗೆಯೇ: ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿದ್ದಾರೆ ಎಂದಷ್ಟೇ ಅದರ ಅರ್ಥ. ಮೈದಾಕ್ಕೂ ಆ ಗುರುತು ಬರಬಹುದು.

‘ಝೀರೋ ಮೈದಾ’ ಎಂಬುದನ್ನು ಓದಿ ನಿರಾಳವಾಗುವವರು ಬಹಳ. ಮೈದಾ ಇಲ್ಲದಿದ್ದರೆ ಅದರ ಜಾಗದಲ್ಲಿ ಏನಿದೆ ಎಂದು ಕೇಳಬೇಕಲ್ಲ? ಪಾಲಿಶ್ ಮಾಡಿದ ಅಕ್ಕಿಯ ಹಿಟ್ಟು, ರವೆ, ಮೆಕ್ಕೆಜೋಳದ ಪಿಷ್ಟ ಇರಬಹುದು. ಬಿಳಿ ಅಕ್ಕಿಯ ನಾರಿನಂಶ ಮೈದಾದ್ದಕ್ಕೆ ಸಮ, ಎರಡೂ ನೂರಕ್ಕೆ 3 ಗ್ರಾಂಗಿಂತ ಕೆಳಗೆ. ಸಿರಿಧಾನ್ಯ ಎಂದ ಮಾತ್ರಕ್ಕೂ ಇಡಿ ಧಾನ್ಯ ಎಂದಾಗುವುದಿಲ್ಲ. ನವಣೆ, ಸಾಮೆ, ಹಾರಕಗಳ ಹೊರಸಿಪ್ಪೆ ತಿನ್ನಲು ಬಾರದ್ದು, ಅದನ್ನು ತೆಗೆಯಲೇಬೇಕು. ಅದರ ಒಳಗಿನ ತೌಡಿನ ಪದರವನ್ನೂ ಉಜ್ಜಿ ತೆಗೆದು ಬೆಳ್ಳಗೆ ಮಾಡಿದರೆ ಅದು ಪಾಲಿಶ್. ‘ಅನ್‌ಪಾಲಿಶ್ಡ್’ ಎಂದು ಬರೆದ, ಬಣ್ಣ ಸ್ವಲ್ಪ ಮಂಕಾದ ಕಾಳನ್ನೇ ಆರಿಸಿ. ರಾಗಿಗೆ ಈ ಭಯ ಕಡಿಮೆ. ಅದರ ಕಾಳಿಗೆ ಸಿಪ್ಪೆ ಬಿಡದಂತೆ ಅಂಟಿಕೊಂಡಿರುವುದರಿಂದ ಇಡಿಯಾಗಿಯೇ ಬೀಸುವುದು ರೂಢಿ. ಹಾಗಾಗಿ ರಾಗಿ ಹಿಟ್ಟಿನ ಪ್ಯಾಕೆಟ್ಟಿಗಿಂತ ರಾಗಿ ಶಾವಿಗೆ, ರಾಗಿ ಬಿಸ್ಕತ್ತಿನ ಹಿಂಬದಿಯನ್ನು ಹೆಚ್ಚು ಗಮನವಿಟ್ಟು ಓದಬೇಕು. ಅಂಟಿಲ್ಲದ ರಾಗಿಯನ್ನು ಎಳೆಯಾಗಿ ಹಿಡಿದಿಡಲು ಗೋಧಿ ಬೇಕಾಗುತ್ತದೆ, ಆ ಗೋಧಿ ಮೈದಾ ರೂಪದಲ್ಲೋ ರವೆಯ ರೂಪದಲ್ಲೋ ಪಟ್ಟಿಯ ಮೊದಲಲ್ಲೇ ಇರಬಹುದು. ಗ್ಲುಟೆನ್ ಆಗದ ಸೀಲಿಯಾಕ್ ಕಾಯಿಲೆಯವರಿಗೆ ಇದು ರುಚಿಯ ಮಾತಲ್ಲ, ಅಪಾಯದ ಮಾತು: ಮುಂಬದಿಯಲ್ಲಿ ರಾಗಿ ಎಂದಿದ್ದರೂ ಹಿಂಬದಿಯಲ್ಲಿ ‘ಕಂಟೇನ್ಸ್ ವೀಟ್’ ಅಥವಾ ‘ಗ್ಲುಟೆನ್’ ಎಂಬ ಎಚ್ಚರಿಕೆ ಇದೆಯೇ ಎಂದು ಪ್ರತಿಸಲ ನೋಡಬೇಕು.

ಹೊರದೇಶದಲ್ಲಿರುವವರಿಗೆ ಪದಗಳು ಮತ್ತೆ ಬದಲಾಗುತ್ತವೆ. ಅಮೆರಿಕದಲ್ಲಿ ‘ಎನ್ರಿಚ್ಡ್ ಫ್ಲೋರ್’ ಎಂದರೆ ತೌಡು ತೆಗೆದ ಹಿಟ್ಟಿಗೆ ಕೆಲವು ಜೀವಸತ್ವ, ಕಬ್ಬಿಣ ಸೇರಿಸಿದ್ದು. ‘ಎನ್ರಿಚ್ಡ್’ ಎಂಬುದನ್ನು ‘ಉತ್ತಮ’ ಎಂದು ಓದಬೇಡಿ. ಕೆನಡಾದಲ್ಲಿ ‘ಹೋಲ್ ವೀಟ್’ ಹಿಟ್ಟಿನಿಂದ ಕಾಳಿನ ಶೇ. 5ರಷ್ಟು ಭಾಗವನ್ನು, ಅಂದರೆ ಮೊಳಕೆಯ ಬಹುಪಾಲನ್ನು ತೆಗೆಯಲು ಅವಕಾಶವಿದೆ. ಅಲ್ಲಿ ನಿಜವಾದ ಇಡಿ ಕಾಳು ಬೇಕಿದ್ದರೆ ‘ಹೋಲ್ ಗ್ರೇನ್ ಹೋಲ್ ವೀಟ್’ ಎಂದಿರುವುದನ್ನು ಹುಡುಕಬೇಕು.

ಕೇಳಿಬರುವ ಆಕ್ಷೇಪಗಳು

ಮೈದಾ ಎಂದರೆ ವಿಷವೇ, ಅದಕ್ಕೆ ಇಷ್ಟೆಲ್ಲ ತನಿಖೆಯೇ ಎಂದು ಕೆಲವರು ಕೇಳುತ್ತಾರೆ. ವಿಷವಲ್ಲ. ಚಿರೋಟಿಯ ಪದರಕ್ಕೆ, ಹೋಳಿಗೆಯ ಕಣಕಕ್ಕೆ ಅದಕ್ಕೆ ತನ್ನದೇ ಜಾಗವಿದೆ, ಹಬ್ಬದ ದಿನ ಅದರ ಪ್ಯಾಕೆಟ್ಟು ಓದುವ ಅಗತ್ಯವೂ ಇಲ್ಲ. ಲೇಬಲ್ ಓದಬೇಕಾದದ್ದು ದಿನವೂ ತಿನ್ನುವ ವಸ್ತುವಿನದು, ಮತ್ತು ಆರೋಗ್ಯಕ್ಕೆಂದೇ ಹೆಚ್ಚು ಹಣ ಕೊಟ್ಟು ಕೊಳ್ಳುವ ವಸ್ತುವಿನದು. ಸಂಜೆಯ ಚಹಾಕ್ಕೆ ಮಕ್ಕಳು ತಿನ್ನುವ ರಾಗಿ ಬಿಸ್ಕತ್ತು ಈ ಎರಡೂ ಗುಂಪಿಗೆ ಸೇರುತ್ತದೆ.

ಸ್ವಲ್ಪವಾದರೂ ಬೇರೆ ಧಾನ್ಯ ಇದೆಯಲ್ಲ, ಏನೂ ಇಲ್ಲದ್ದಕ್ಕಿಂತ ಮೇಲಲ್ಲವೇ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಮಲ್ಟಿಗ್ರೇನ್ ಆಟಾವನ್ನು ಮೈದಾದೊಂದಿಗೆ ಹೋಲಿಸಿದರೆ ಖಂಡಿತ ಮೇಲು. ಆದರೆ ಅಂಗಡಿಯಲ್ಲಿ ಅದರ ಪಕ್ಕ ಇರುವುದು ಇಡಿಗೋಧಿ ಆಟಾ, ಅದರೊಂದಿಗೆ ಹೋಲಿಸಿದರೆ ಮೇಲೆ ಕಂಡಂತೆ ವ್ಯತ್ಯಾಸ ಚಮಚದ ಲೆಕ್ಕದ್ದು. ಮಲ್ಟಿಗ್ರೇನ್ ತಿನ್ನುತ್ತಿದ್ದೇವೆ ಎಂಬ ಸಮಾಧಾನದಲ್ಲಿ ವಾರಕ್ಕೆರಡು ದಿನದ ಮುದ್ದೆ, ಜೋಳದ ರೊಟ್ಟಿ ನಿಂತುಹೋದರೆ ಧಾನ್ಯದ ವೈವಿಧ್ಯ ಹೆಚ್ಚಾಗಲಿಲ್ಲ, ಕಡಿಮೆಯಾಯಿತು. ಸಕ್ಕರೆ ಕಾಯಿಲೆ ಇರುವವರು ಇನ್ನೊಂದು ಮಾತು ನೆನಪಿಡಬೇಕು: ಇಡಿಗೋಧಿಯಾಗಲಿ ರಾಗಿಯಾಗಲಿ ನುಣ್ಣಗೆ ಬೀಸಿದ ಮೇಲೆ ಅದರಲ್ಲಿ ಹೆಚ್ಚಾಗಿ ಇರುವುದು ಪಿಷ್ಟವೇ. ‘ಹೋಲ್ ಗ್ರೇನ್’ ಎಂದಿದೆ ಎಂದು ಎರಡರ ಬದಲು ನಾಲ್ಕು ಚಪಾತಿ ತಿಂದರೆ ರಕ್ತದ ಸಕ್ಕರೆ ಲೇಬಲ್ ಓದುವುದಿಲ್ಲ.

ಇವೆಲ್ಲ ಯಾಕೆ, ಗೋಧಿ ತಂದು ಗಿರಣಿಯಲ್ಲೇ ಬೀಸಿಸುತ್ತೇವೆ ಎನ್ನುವವರಿಗೆ ಲೇಬಲ್ಲಿನ ಕಾಟವಿಲ್ಲ, ನಿಜ. ಆದರೆ ಮನೆಗೆ ತಂದು ಸಣ್ಣ ಜರಡಿಯಲ್ಲಿ ಹಿಡಿದು, ಉಳಿದದ್ದನ್ನು ಚೆಲ್ಲಿದರೆ ಕಂಪನಿ ಮಾಡುವುದನ್ನೇ ನೀವೂ ಮಾಡಿದಂತಾಗುತ್ತದೆ. ಹುಳು, ಕಸ ಹೋಗಲು ದೊಡ್ಡ ಕಣ್ಣಿನ ಜರಡಿ ಸಾಕು.

ಮನೆಯ ಮಲ್ಟಿಗ್ರೇನ್

ಹಲವು ಧಾನ್ಯದ ಚಪಾತಿಯೇ ಬೇಕೆಂದರೆ ನಾಲ್ಕು ಕಿಲೋ ಗೋಧಿಗೆ ಅರ್ಧ ಕಿಲೋ ಕಡಲೆ, ಅರ್ಧ ಕಿಲೋ ಜೋಳ ಬೆರೆಸಿ ಗಿರಣಿಗೆ ಕೊಡಿ. ಬೇರೆ ಧಾನ್ಯ ಶೇ. 20 ಆಯಿತು, ಮೇಲಿನ ಪ್ಯಾಕೆಟ್ಟಿನ ಎರಡರಷ್ಟು. ಬೀಸುವ ಮುಂಚೆ ಕಾಳನ್ನು ಚೆನ್ನಾಗಿ ಒಣಗಿಸಿ. ತೇವ ಉಳಿದರೆ ಹಿಟ್ಟು ಬೇಗ ಹುಳಿತು ವಾಸನೆ ಬರುತ್ತದೆ. ಈ ಹಿಟ್ಟಿಗೆ ಬಿಸಿ ನೀರು ಹಾಕಿ ಕಲಸಿ ಅರ್ಧ ಗಂಟೆ ಬಿಡಿ, ತೌಡು ನೀರು ಹೀರಿಕೊಳ್ಳಲು ಅಷ್ಟು ಹೊತ್ತು ಬೇಕು. ಅಂಚು ಸೀಳಿದರೆ ಮುಂದಿನ ಸಲ ಜೋಳ ಕಾಲು ಕಿಲೋಗೆ ಇಳಿಸಿ. ಶೇ. 25ರ ಮೇಲೆ ಹೋಗುವ ಆಸೆ ಇದ್ದರೆ ಲಟ್ಟಿಸುವುದನ್ನು ಬಿಟ್ಟು ಅಂಟಿಲ್ಲದ ಧಾನ್ಯಕ್ಕೆ ನಮ್ಮವರು ಕಂಡುಕೊಂಡ ದಾರಿಯನ್ನೇ ಹಿಡಿಯಬೇಕು: ಜೋಳಕ್ಕೆ ಕುದಿನೀರು ಹಾಕಿ ನಾದಿ ಬಡಿಯುವುದು, ರಾಗಿಗೆ ಎಸರಿಟ್ಟು ತೊಳಸುವುದು.

ಬೀಸಿಸಿದ ಹಿಟ್ಟಿನಲ್ಲಿ ಮೊಳಕೆಯ ಎಣ್ಣೆ ಪೂರ್ತಿ ಇರುತ್ತದೆ, ಆದ್ದರಿಂದ ಒಂದು ಸಲಕ್ಕೆ ಮೂರು ವಾರಕ್ಕೆ ಸಾಕಾಗುವಷ್ಟೇ ಬೀಸಿಸಿ. ಡಬ್ಬಿ ತೆರೆದಾಗ ಹಳೆಯ ಕಡಲೆಕಾಯಿಯ ವಾಸನೆ ಬಂದರೆ, ಹುಳು ಕಾಣದಿದ್ದರೂ ಆ ಹಿಟ್ಟನ್ನು ಬಳಸಬೇಡಿ.